ಓಟದ ಅಂಗಳದ ತಿರುವಿನ ಲೆಕ್ಕ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಅವರಿಗಿಂತ ಒಂದು ಸ್ಥಾನ ಮುಂದಿದ್ದ ರುಮೇನಿಯಾದ ಕೊಜೊಕಾರು 55.41 ಸೆಕೆಂಡಿನಲ್ಲಿ ಮುಟ್ಟಿ ಕಂಚು ಪಡೆದರು. ಸೆಕೆಂಡಿನ ನೂರನೇ ಒಂದು ಪಾಲು ಎಂದು ನಾವೆಲ್ಲ ಈಗಲೂ ಹೇಳಿಕೊಳ್ಳುತ್ತೇವೆ. ಅದನ್ನು ದೂರಕ್ಕೆ ಇಳಿಸಿ ನೋಡಿ. ಉಷಾ ಅವರ ಸರಾಸರಿ ವೇಗ ಸೆಕೆಂಡಿಗೆ 7.2 ಮೀಟರ್. ಅಂದರೆ ಕಂಚಿಗೂ ನಾಲ್ಕನೇ ಸ್ಥಾನಕ್ಕೂ ನಡುವೆ ಇದ್ದದ್ದು ಸುಮಾರು 7 ಸೆಂಟಿಮೀಟರ್. ಅಂಗೈಯ ಅಗಲಕ್ಕಿಂತ ಕಡಿಮೆ.

ಇಷ್ಟು ಕಿರಿದಾದ ಅಂತರದ ಸ್ಪರ್ಧೆಯಲ್ಲಿ ಓಟಗಾರ್ತಿಯರು ಒಂದೇ ಗೆರೆಯಿಂದ ಹೊರಡುವುದಿಲ್ಲ. ಒಬ್ಬೊಬ್ಬರು ಒಂದೊಂದು ಕಡೆ, ಹೊರಗಿನ ಲೇನಿನವರು ಬಹಳ ಮುಂದೆ, ಒಳಗಿನವರು ಹಿಂದೆ ನಿಂತಿರುತ್ತಾರೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುಂದಕ್ಕೆ ಸರಿಸಿದ ಈ ಅಂತರಕ್ಕೆ ಮೈದಾನದವರು ಸ್ಟ್ಯಾಗರ್ ಎನ್ನುತ್ತಾರೆ. ಟೀವಿಯಲ್ಲಿ ಮೊದಲ ಸಲ ನೋಡುವವರಿಗೆ ಇದು ಹೊರಗಿನವರಿಗೆ ಕೊಟ್ಟ ರಿಯಾಯಿತಿಯಂತೆ ಕಾಣುತ್ತದೆ. ಅದು ರಿಯಾಯಿತಿಯಲ್ಲ, ಹೊರಗಿನವರು ತಿರುವಿನಲ್ಲಿ ಕಳೆದುಕೊಳ್ಳುವ ದೂರವನ್ನು ಮೊದಲೇ ಎಣಿಸಿ ಕೊಡುವುದು. ಎಷ್ಟು ಕೊಡಬೇಕು ಎಂಬ ಲೆಕ್ಕ ಹೈಸ್ಕೂಲಿನ ಗಣಿತದ್ದೇ. ಆದರೂ ನಮ್ಮ ಶಾಲಾ ಮೈದಾನಗಳಲ್ಲಿ ಇದು ತಪ್ಪುವುದುಂಟು. ತಪ್ಪಿದರೆ ಸೆಂಟಿಮೀಟರುಗಳಲ್ಲಿ ಅಲ್ಲ, ಮೀಟರುಗಳಲ್ಲಿ ತಪ್ಪುತ್ತದೆ.

ಮೊದಲು ಅಂಗಳದ ಆಕಾರ ನೋಡೋಣ. ಅದನ್ನು ಮೊಟ್ಟೆಯಾಕಾರ ಎಂದು ಬಾಯಿಮಾತಿಗೆ ಕರೆದರೂ ನಿಜದಲ್ಲಿ ಅದು ಎರಡು ನೇರ ಗೆರೆ, ಎರಡು ಅರ್ಧವೃತ್ತ. ಎರಡು ಅರ್ಧ ಸೇರಿದರೆ ಒಂದು ಪೂರ್ಣ ವೃತ್ತ. ನೇರ ಭಾಗದ ಉದ್ದ S, ತಿರುವಿನ ತ್ರಿಜ್ಯ R ಎಂದಿಟ್ಟುಕೊಂಡರೆ ಒಂದು ಸುತ್ತಿನ ಉದ್ದ ಇಷ್ಟೇ:

L = 2S + 2πR

ವರ್ಲ್ಡ್ ಅಥ್ಲೆಟಿಕ್ಸ್ ಶಿಫಾರಸು ಮಾಡುವ 400 ಮೀಟರ್ ಅಂಗಳದಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್. ಈ ಎರಡನ್ನು ಸೂತ್ರಕ್ಕೆ ಹಾಕಿದರೆ 398.12 ಬರುತ್ತದೆ, 400 ಬರುವುದಿಲ್ಲ. ಕಾರಣ, 36.50 ಎನ್ನುವುದು ಅಂಗಳದ ಒಳ ಅಂಚಿನಲ್ಲಿ ಕೂರಿಸಿದ ಕರ್ಬಿನವರೆಗಿನ ತ್ರಿಜ್ಯ. ಕರ್ಬ್ ಎಂದರೆ ನೆಲದಿಂದ ಐದಾರು ಸೆಂಟಿಮೀಟರ್ ಎದ್ದಿರುವ ಅಂಚುಪಟ್ಟಿ. ಅದರ ಮೇಲೆ ಯಾರೂ ಓಡುವುದಿಲ್ಲ. ಕಾಲು ತಾಗೀತೆಂಬ ಎಚ್ಚರದಲ್ಲಿ ಸ್ವಲ್ಪ ದೂರವನ್ನೇ ಇಟ್ಟುಕೊಂಡು ಓಡುತ್ತಾರೆ. ಆ ದೂರ 30 ಸೆಂಟಿಮೀಟರ್ ಎಂದು ನಿಯಮ ಗೊತ್ತುಮಾಡಿದೆ. ಹಾಗಾಗಿ ಓಟದ ತ್ರಿಜ್ಯ 36.80. ಈಗ ಲೆಕ್ಕ ಹಾಕಿ: ಎರಡು ನೇರ ಭಾಗ ಸೇರಿ 168.78, ತಿರುವುಗಳೆರಡೂ ಸೇರಿ 231.22, ಒಟ್ಟು 400.00.

ಕರ್ಬ್ ಇಲ್ಲದೆ ಬರೀ ಬಣ್ಣದ ಇಲ್ಲವೇ ಸುಣ್ಣದ ಗೆರೆ ಇದ್ದರೆ ಓಟಗಾರರು ಅದಕ್ಕೆ ಇನ್ನೂ ಹತ್ತಿರ ಓಡುತ್ತಾರೆ. ಆಗ ಅಳತೆ ಗೆರೆಯಿಂದ 20 ಸೆಂಟಿಮೀಟರಿಗೆ. ಎರಡನೇ ಲೇನಿನಿಂದಾಚೆ ಎಲ್ಲ ಲೇನುಗಳ ಒಳ ಅಂಚೂ ಬರೀ ಗೆರೆಯೇ ಆದ್ದರಿಂದ ಅಲ್ಲೆಲ್ಲ ಈ 20ರ ಅಳತೆಯೇ. ಹತ್ತು ಸೆಂಟಿಮೀಟರ್ ವ್ಯತ್ಯಾಸ ಅಲ್ಪವೆನಿಸಬಹುದು. ತಿರುವು ಪೂರ್ತಿ ಸುತ್ತಿದಾಗ ಅದು 2π ಪಟ್ಟಾಗಿ, 63 ಸೆಂಟಿಮೀಟರ್ ಆಗುತ್ತದೆ.

ಸಣ್ಣದು ದೊಡ್ಡದಾಗುವ ಇದೇ ಗುಣ πಯ ಬೆಲೆಯಲ್ಲೂ ಇದೆ. ನಾವೆಲ್ಲ ಶಾಲೆಯಲ್ಲಿ 22/7 ಕಲಿತವರು. ಮನೆಯ ಬಾವಿಕಟ್ಟೆಗೆ ಅದು ಧಾರಾಳವಾಗಿ ಸಾಕು. 400 ಮೀಟರ್ ಅಂಗಳದ ತಿರುವುಗಳಿಗೆ 22/7 ಬಳಸಿದರೆ 231.22ರ ಬದಲು 231.31 ಬರುತ್ತದೆ. ಕಾಗದದ ಮೇಲೆ 400 ಎಂದು ತೋರಿದ ಅಂಗಳ ನೆಲದ ಮೇಲೆ 9 ಸೆಂಟಿಮೀಟರ್ ಗಿಡ್ಡವಾಗುತ್ತದೆ. ಅಂತರರಾಷ್ಟ್ರೀಯ ನಿಯಮ ಒಪ್ಪುವುದು 400ಕ್ಕಿಂತ ಹೆಚ್ಚೆಂದರೆ 4 ಸೆಂಟಿಮೀಟರ್ ಉದ್ದ ಇರುವುದನ್ನು. ಕಡಿಮೆ ಇರುವುದನ್ನು ಒಪ್ಪುವುದೇ ಇಲ್ಲ. ಗಿಡ್ಡ ಅಂಗಳದಲ್ಲಿ ದಾಖಲೆ ಮಾಡಿದವರಿಗೆ ಆ ದಾಖಲೆ ದಕ್ಕುವುದಿಲ್ಲ. ಆ 9 ಸೆಂಟಿಮೀಟರನ್ನು ಉಷಾ ಅವರ 7ರ ಪಕ್ಕದಲ್ಲಿಟ್ಟು ನೋಡಿದರೆ ನಿಯಮ ಇಷ್ಟು ಬಿಗಿಯಾಗಿರುವುದು ಏಕೆಂದು ತಿಳಿಯುತ್ತದೆ.

ಇನ್ನು ಹೊರಗಿನ ಲೇನುಗಳು. ಕಣದಲ್ಲಿ ಮೇಟಿಗೆ ಕಟ್ಟಿದ ರಾಸುಗಳು ತೆನೆ ತುಳಿಯುತ್ತ ಸುತ್ತುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉತ್ತರ ಕರ್ನಾಟಕದವರು ಹಂತಿ ಎನ್ನುವ ಆ ಕೆಲಸದಲ್ಲಿ ಮೇಟಿಯ ಪಕ್ಕದ ಎತ್ತು ನಿಧಾನ ಕಾಲು ಹಾಕಿದರೂ ನಡೆಯುತ್ತದೆ, ಹೊರಗಡೆಯದು ಬಿರುಸಾಗಿ ನಡೆಯಲೇಬೇಕು. ಓಟದ ಅಂಗಳದಲ್ಲಿ ಕೇಳಬೇಕಾದದ್ದು, ಹೊರಗಿನವನ ಹೆಚ್ಚುವರಿ ನಡಿಗೆ ಎಷ್ಟು ಎಂದು.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿಯಿದೆ. ನೇರ ಭಾಗದಲ್ಲಿ ಎಲ್ಲರೂ ಓಡುವ ದೂರ ಒಂದೇ, ಹಾಗಾಗಿ ಅದು ಲೆಕ್ಕಕ್ಕೇ ಬರುವುದಿಲ್ಲ. ತಿರುವಿನಲ್ಲಿ ಒಳಗಿನವನ ದಾರಿ 2πR. ಅವನ ಪಕ್ಕದ ಹೊರಲೇನಿನವನ ತ್ರಿಜ್ಯ ಒಂದು ಲೇನಿನ ಅಗಲದಷ್ಟು ಹೆಚ್ಚು. ಅವನ ದಾರಿಯಿಂದ ಇವನದನ್ನು ಕಳೆದರೆ R ಅಳಿಸಿಹೋಗುತ್ತದೆ; ಉಳಿಯುವುದು ಲೇನಿನ ಅಗಲದ 2π ಪಟ್ಟು ಮಾತ್ರ. ಲೇನಿನ ಅಗಲ 1.22 ಮೀಟರ್, ಬಲಗಡೆಯ 5 ಸೆಂಟಿಮೀಟರ್ ಗೆರೆಯೂ ಸೇರಿ. ಅದರ 2π ಪಟ್ಟು 7.665. ಅಂಗಳ ದೊಡ್ಡದಿರಲಿ ಚಿಕ್ಕದಿರಲಿ, ತಿರುವು ಕಡಿದಾಗಿರಲಿ ವಿಶಾಲವಾಗಿರಲಿ, ಒಂದು ಪೂರ್ತಿ ಸುತ್ತಿಗೆ ಲೇನಿನಿಂದ ಲೇನಿಗೆ ವ್ಯತ್ಯಾಸ ಅಷ್ಟೇ.

ನಂಬಿಕೆ ಬಾರದವರು ಪರೀಕ್ಷಿಸಬಹುದು. 400 ಮೀಟರ್ ಅಂಗಳದ ಎರಡನೇ ಮತ್ತು ಮೂರನೇ ಲೇನುಗಳ ಓಟದ ತ್ರಿಜ್ಯ 37.92 ಮತ್ತು 39.14, ಪರಿಧಿ 238.26 ಮತ್ತು 245.92. ಅದರ ಅರ್ಧದಷ್ಟಿರುವ 200 ಮೀಟರಿನ ಶಾಲಾ ಅಂಗಳದಲ್ಲಿ ಮೊದಲ ಎರಡು ಲೇನುಗಳ ತ್ರಿಜ್ಯ 19.10 ಮತ್ತು 20.32 ಎಂದಿಟ್ಟುಕೊಳ್ಳಿ, ಪರಿಧಿ 120.01 ಮತ್ತು 127.67. ಎರಡೂ ಕಡೆ ವ್ಯತ್ಯಾಸ 7.66ರ ಆಸುಪಾಸು.

ಕರ್ಬ್ ಇರುವ ದೊಡ್ಡ ಅಂಗಳದಲ್ಲಿ ಮಾತ್ರ ಮೊದಲ ಜಿಗಿತ ಸ್ವಲ್ಪ ಕಡಿಮೆ. ಅಲ್ಲಿ ಒಂದನೇ ಲೇನಿನ ಅಳತೆ 30ಕ್ಕೆ, ಎರಡನೆಯದು 20ಕ್ಕೆ ಆದ್ದರಿಂದ ಇಬ್ಬರ ನಡುವಿನ ಅಂತರ 1.12 ಮೀಟರ್ ಮಾತ್ರ. 2π ಪಟ್ಟು ಮಾಡಿದರೆ 7.04. ಅಲ್ಲಿಂದ ಮುಂದೆ ಪ್ರತಿ ಲೇನಿಗೂ 7.665 ಕೂಡಿಸುತ್ತ ಹೋದರೆ ಎಂಟನೇ ಲೇನಿನವನು ಒಂದನೆಯವನಿಗಿಂತ 53.03 ಮೀಟರ್ ಮುಂದೆ ನಿಲ್ಲುತ್ತಾನೆ. ಅರ್ಧ ಶತಕ ಮೀರಿದ ಈ ಅಂತರವೇ ಹೊರಗಿನ ಲೇನಿನ ತೊಡಕು: ಮುಂದೆ ಯಾರೂ ಕಾಣುವುದಿಲ್ಲ, ಎದುರಾಳಿಗಳೆಲ್ಲ ಬೆನ್ನ ಹಿಂದೆ. ಅದಕ್ಕೇ ಓಟಗಾರರು ಆ ಲೇನನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಆಫ್ರಿಕಾದ ವೇಯ್ಡ್ ವ್ಯಾನ್ ನೀಕರ್ಕ್ ಎಂಟನೇ ಲೇನಿನಲ್ಲೇ ಓಡಿ 43.03 ಸೆಕೆಂಡಿನ ವಿಶ್ವದಾಖಲೆ ಬರೆದರು. ದೂರದಲ್ಲಿ ಯಾರಿಗೂ ಒಂದು ಗೇಣು ಲಾಭವೂ ಇಲ್ಲ, ನಷ್ಟವೂ ಇಲ್ಲ. ಉಳಿದದ್ದು ತಿರುವಿನ ಬಾಗು ಮತ್ತು ಮನಸ್ಸಿನ ಧೈರ್ಯಕ್ಕೆ ಬಿಟ್ಟದ್ದು. ಬಾಗಿನ ಮಟ್ಟಿಗೆ ಹೊರಗಿನವನೇ ಅದೃಷ್ಟವಂತ, ಏಕೆಂದರೆ ಎಂಟನೇ ಲೇನಿನ ತಿರುವು ಒಂದನೆಯದರಷ್ಟು ಕಡಿದಲ್ಲ.

ಈಗ ನಮ್ಮ ಶಾಲೆಗಳ ಮೈದಾನಕ್ಕೆ ಬರೋಣ. ಹೋಬಳಿ ಮಟ್ಟದ ಕ್ರೀಡಾಕೂಟ ನಡೆಯಬೇಕು, 400 ಮೀಟರಿಗೆ ಜಾಗವಿಲ್ಲ, 200 ಮೀಟರಿನ ಅಂಗಳ ಹಾಕಬೇಕು. ಕರ್ಬ್ ಎಲ್ಲಿಂದ ಬರಬೇಕು, ಸುಣ್ಣದ ಪುಡಿಯ ಗೆರೆಯೇ ಗತಿ. ಆದ್ದರಿಂದ ಒಂದನೇ ಲೇನಿಗೂ 20 ಸೆಂಟಿಮೀಟರಿನ ಅಳತೆ. ನೇರ ಭಾಗಕ್ಕೆ 40 ಮೀಟರ್ ಇಟ್ಟುಕೊಂಡರೆ ಎರಡೂ ಸೇರಿ 80. ತಿರುವುಗಳಿಗೆ ಉಳಿಯುವುದು 120. ಅದನ್ನು 2πಯಿಂದ ಭಾಗಿಸಿದರೆ ಓಟದ ತ್ರಿಜ್ಯ 19.10. ಅದರಲ್ಲಿ 20 ಸೆಂಟಿಮೀಟರ್ ಕಳೆದು, 18.90ಕ್ಕೆ ಒಳಗೆರೆ ಎಳೆಯಬೇಕು. ಆರು ಲೇನು ಬೇಕೆಂದರೆ ಹೊರಗೆರೆಯ ತ್ರಿಜ್ಯ 26.22. ಇಡೀ ಅಂಗಳಕ್ಕೆ 92.44 ಮೀಟರ್ ಉದ್ದ, 52.44 ಮೀಟರ್ ಅಗಲದ ಜಾಗ ಬೇಕು. ಸುತ್ತ ನಾಲ್ಕು ಹೆಜ್ಜೆ ಖಾಲಿ ಜಾಗ ಇದ್ದರೆ ಚೆನ್ನ.

ನೆಲದ ಮೇಲೆ ಮೊದಲು ಹಾಕಬೇಕಾದದ್ದು ವೃತ್ತವಲ್ಲ, ನಡುವಿನ ಆಯತ. 40 ಮೀಟರ್ ಉದ್ದ, 37.80 ಮೀಟರ್ ಅಗಲ. ನಾಲ್ಕು ಮೂಲೆಗೆ ಗೂಟ ಹೊಡೆದ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡ ಅಳೆದು ನೋಡಬೇಕು. ಎರಡೂ ಕರ್ಣ 55.03 ಮೀಟರ್ ಬಂದರೆ ಆಯತ ಸರಿಯಾಗಿದೆ. ಒಂದು ಉದ್ದ, ಒಂದು ಗಿಡ್ಡ ಬಂದರೆ ಅಂಗಳ ಓರೆಯಾಗಿದೆ ಎಂದರ್ಥ. ಆಗ ಮುಂದಿನದೇನೂ ಸರಿಹೋಗುವುದಿಲ್ಲ. ಆಯತ ಕೂತ ಮೇಲೆ ಅದರ ಕಿರು ಬದಿಗಳ ಮಧ್ಯಬಿಂದುಗಳೇ ತಿರುವುಗಳ ಕೇಂದ್ರ. ಅಲ್ಲಿ ಗೂಟ ನೆಟ್ಟು, 18.90 ಮೀಟರಿನಲ್ಲಿ ಹಿಡಿದ ಟೇಪು ತಿರುಗಿಸಿದರೆ ಅರ್ಧವೃತ್ತ ತಾನಾಗಿ ಬರುತ್ತದೆ. ಹುರಿ ಹಗ್ಗ ಬಳಸಬೇಡಿ, ಎಳೆದಷ್ಟೂ ಜಗ್ಗುತ್ತದೆ. ಉಕ್ಕಿನ ಟೇಪು ಉತ್ತಮ. ಅದೂ ಬಿಸಿಲಿಗೆ ಹಿಗ್ಗುತ್ತದೆ, ಆದರೆ ಸಾಮಾನ್ಯವಾಗಿ 20 ಡಿಗ್ರಿಗೆ ಸರಿಪಡಿಸಿದ ಟೇಪು 40 ಡಿಗ್ರಿಯ ಬಿಸಿಲಲ್ಲಿ 400 ಮೀಟರಿಗೆ ಸುಮಾರು 9 ಸೆಂಟಿಮೀಟರ್ ತಪ್ಪೀತು. ಒಲಿಂಪಿಕ್ಸ್ ಅಂಗಳದವರು ಅದಕ್ಕೂ ತಿದ್ದುಪಡಿ ಹಾಕುತ್ತಾರೆ. ಶಾಲೆಯಲ್ಲಿ ಬೆಳಿಗ್ಗೆ ಹೊತ್ತೇರುವ ಮುಂಚೆ ಅಳೆದರೆ ಸಾಕು.

ಸ್ಟ್ಯಾಗರ್ ಈಗ ಬಾಯಿಲೆಕ್ಕ. ಇಲ್ಲಿ ಎಲ್ಲ ಲೇನೂ ಒಂದೇ ಅಳತೆಯವು, ಹಾಗಾಗಿ ಒಂದು ಸುತ್ತಿನ 200 ಮೀಟರ್ ಓಟಕ್ಕೆ ಎರಡನೇ ಲೇನಿಗೆ 7.67, ಮೂರಕ್ಕೆ 15.33, ನಾಲ್ಕಕ್ಕೆ 23.00, ಐದಕ್ಕೆ 30.66, ಆರಕ್ಕೆ 38.33 ಮೀಟರ್. ಆರನೆಯದನ್ನು ಬೇರೆ ದಾರಿಯಿಂದಲೂ ನೋಡಬಹುದು: ಅದರ ಓಟದ ತ್ರಿಜ್ಯ 25.20, ತಿರುವುಗಳು 158.34, ನೇರ ಭಾಗ 80, ಒಟ್ಟು 238.34. ಇನ್ನೂರು ಓಡಬೇಕಾದವನಿಗೆ ಮೂವತ್ತೆಂಟು ಚಿಲ್ಲರೆ ಮೀಟರ್ ಹೆಚ್ಚು, ಅಷ್ಟನ್ನು ಮೊದಲೇ ಬಿಟ್ಟುಕೊಡಬೇಕು.

ತಪ್ಪು ನುಸುಳುವುದು ಇಲ್ಲೇ. ದೈಹಿಕ ಶಿಕ್ಷಣದ ಪುಸ್ತಕಗಳಲ್ಲಿ ಸ್ಟ್ಯಾಗರಿನ ಕೋಷ್ಟಕ ಇರುತ್ತದೆ: 400 ಮೀಟರ್ ಓಟಕ್ಕೆ ಇಷ್ಟು, 200 ಮೀಟರ್ ಓಟಕ್ಕೆ ಅದರ ಅರ್ಧ. ಆ ಕೋಷ್ಟಕ 400 ಮೀಟರ್ ಅಂಗಳದ್ದು. ಅಲ್ಲಿ 200 ಮೀಟರ್ ಓಟ ಎಂದರೆ ಒಂದೇ ತಿರುವು, ಆದ್ದರಿಂದ ಅರ್ಧ. ಅದನ್ನೇ ತಂದು 200 ಮೀಟರ್ ಅಂಗಳಕ್ಕೆ ಹಾಕಿದರೆ ಆರನೇ ಲೇನಿನ ಹುಡುಗ 38.33ರ ಬದಲು 18.85 ಮೀಟರ್ ಮುಂದೆ ನಿಲ್ಲುತ್ತಾನೆ. ಪಕ್ಕದವರು 200 ಓಡಿದರೆ ಅವನು ಓಡುವುದು 219 ಮೀಟರಿಗೂ ಹೆಚ್ಚು. ಗೆಲ್ಲುವ ಮಾತು ಎಲ್ಲಿಂದ ಬಂತು! ಕೋಷ್ಟಕದಲ್ಲಿ ತಪ್ಪೇನೂ ಇಲ್ಲ. ಓಟದ ಹೆಸರು ನೋಡಿ ಸಾಲು ಆರಿಸಿದ್ದು ತಪ್ಪು. ನೋಡಬೇಕಾದದ್ದು ಓಟದ ಉದ್ದವನ್ನಲ್ಲ, ಆ ಓಟದಲ್ಲಿ ಎಷ್ಟು ತಿರುವು ಲೇನಿನೊಳಗೇ ಓಡಬೇಕು ಎಂಬುದನ್ನು. ಒಂದು ತಿರುವಿಗೆ ಲೇನಿಗೆ 3.83 ಮೀಟರ್, ಎರಡು ತಿರುವಿಗೆ ಅದರ ಇಮ್ಮಡಿ. ಇದೇ ಚಿಕ್ಕ ಅಂಗಳದಲ್ಲಿ 100 ಮೀಟರ್ ಓಡಿಸಿದರೆ ಅದರಲ್ಲೂ ಒಂದು ತಿರುವು ಬರುತ್ತದೆ. ಅದಕ್ಕೂ ಸ್ಟ್ಯಾಗರ್ ಬೇಕು. ನೂರು ಮೀಟರಿಗೆ ಎಲ್ಲರೂ ಒಂದೇ ಗೆರೆ ಎಂಬ ರೂಢಿ ಇಲ್ಲಿ ನಡೆಯುವುದಿಲ್ಲ.

ತಿರುವು ಎಣಿಸುವ ಈ ನಿಯಮ ದೊಡ್ಡ ಕೂಟಗಳ ಓಟಗಳನ್ನೂ ಬಿಡಿಸುತ್ತದೆ. 800 ಮೀಟರಿನಲ್ಲಿ ಮೊದಲ ತಿರುವನ್ನಷ್ಟೇ ಲೇನಿನಲ್ಲಿ ಓಡುತ್ತಾರೆ. ತಿರುವು ಮುಗಿದ ಕಡೆಯ ಬ್ರೇಕ್ ಲೈನ್ ದಾಟಿದ ಮೇಲೆ ಎಲ್ಲರೂ ಒಳಗೆ ನುಗ್ಗಬಹುದು. ಆದ್ದರಿಂದ ಸ್ಟ್ಯಾಗರ್ ಒಂದು ತಿರುವಿನದು, ಎಂಟನೇ ಲೇನಿಗೆ 26.51. ಅದಕ್ಕೆ ಇನ್ನೂ ಸುಮಾರು 42 ಸೆಂಟಿಮೀಟರ್ ಸೇರುತ್ತದೆ, ಏಕೆಂದರೆ ಎಂಟನೆಯವನು ನೇರ ಭಾಗವನ್ನು ಓರೆಯಾಗಿ ಹಾದು ಒಳಗೆ ಬರಬೇಕು. ಎಂಟು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುವ ಆ ಓರೆಗೆ ಹೆಚ್ಚುವರಿ ಬೆಲೆ ಅಷ್ಟೇ ಎನ್ನುವುದು ಹಲವರಿಗೆ ಅಚ್ಚರಿ. 84 ಮೀಟರ್ ಉದ್ದಕ್ಕೆ ಹರಡಿದ ಓರೆ ಹೆಚ್ಚು ದೂರ ತಿನ್ನುವುದಿಲ್ಲ. ಅವಸರದಲ್ಲಿ ತಕ್ಷಣ ಒಳಗೆ ನುಗ್ಗುವವರೇ ದೂರ ಕಳೆದುಕೊಳ್ಳುತ್ತಾರೆ.

4×400 ರಿಲೇಯಲ್ಲಿ ಮೊದಲನೆಯವರು ಪೂರ್ತಿ ಸುತ್ತು, ಎರಡನೆಯವರು ಮೊದಲ ತಿರುವು ಲೇನಿನಲ್ಲೇ ಓಡುತ್ತಾರೆ: ಮೂರು ತಿರುವು. ಎಂಟನೇ ಲೇನಿನ ತಂಡ ಹೊರಡುವುದು ಸುಮಾರು 80 ಮೀಟರ್ ಮುಂದಿನಿಂದ. ನಮ್ಮ ಎಂ.ಆರ್. ಪೂವಮ್ಮ ಇದ್ದ ಭಾರತ ತಂಡ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಓಟ ಇದೇ. ಮೊದಲ ಓಟಗಾರ್ತಿಯರು ಹೊರಟಾಗ ಯಾರು ಮುಂದೆ ಯಾರು ಹಿಂದೆ ಎಂದು ಪ್ರೇಕ್ಷಕರಿಗೆ ಗೊತ್ತಾಗದೇ ಇರುವುದು ಈ ಮೂರು ತಿರುವಿನ ಸ್ಟ್ಯಾಗರಿನಿಂದ. ಎರಡನೆಯವರು ಬ್ರೇಕ್ ಲೈನ್ ದಾಟುವವರೆಗೆ ನಿಜವಾದ ಸ್ಥಾನ ಕಣ್ಣಿಗೆ ಕಾಣುವುದಿಲ್ಲ.

ಸಂಖ್ಯೆ ಸರಿಯಿದ್ದರೂ ಗುರುತು ಹಾಕುವಾಗ ಎಡವಲು ಇನ್ನೊಂದು ಜಾಗವಿದೆ. ಸ್ಟ್ಯಾಗರ್ ಅಳೆಯಬೇಕಾದದ್ದು ಬಾಗಿದ ದಾರಿಯುದ್ದಕ್ಕೆ, ಅದೂ ಲೇನಿನ ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ. ಒಳಗೆರೆಯ ಮೇಲೆಯೇ ಟೇಪು ಹಾಸಿ 38.33 ಎಣಿಸಿದರೆ, ಓಟದ ದಾರಿಯಲ್ಲಿ ಅದು 38.64 ಆಗಿ, ಆರನೆಯವನಿಗೆ 31 ಸೆಂಟಿಮೀಟರ್ ಪುಕ್ಕಟೆ ಸಿಗುತ್ತದೆ. ಬಾಗಿದ ದಾರಿಯಲ್ಲಿ ಟೇಪು ಕೂರಿಸುವುದು ಕಷ್ಟವೆನ್ನುವವರಿಗೆ ನೇರ ಅಳತೆಯ ಉಪಾಯವಿದೆ: ಆರಂಭದ ಗೆರೆಯ ಮೇಲೆ ಆರನೇ ಲೇನಿನ ಓಟದ ಬಿಂದುವಿನಲ್ಲಿ ಟೇಪಿನ ತುದಿ ಹಿಡಿದು, ತಿರುವಿಗೆ ಅಡ್ಡಲಾಗಿ ನೇರ ಎಳೆದು, ಅದೇ ಓಟದ ದಾರಿಯನ್ನು 34.74 ಮೀಟರಿನಲ್ಲಿ ಎಲ್ಲಿ ಮುಟ್ಟುತ್ತದೋ ಅಲ್ಲಿ ಗುರುತು. ಕಮಾನಿಗಿಂತ ಹೆದೆ ಗಿಡ್ಡ, ಅಷ್ಟೇ. ಎರಡನೇ ಲೇನಿಗೆ ಹೆದೆ 7.62, ಅಲ್ಲಿ ಕಮಾನಿಗೂ ಹೆದೆಗೂ ಐದು ಸೆಂಟಿಮೀಟರಿನ ವ್ಯತ್ಯಾಸವೂ ಇಲ್ಲ. ಹೊರಗೆ ಹೋದಂತೆ ಅದು ಬೆಳೆದು ಆರನೆಯದರಲ್ಲಿ ಮೂರೂವರೆ ಮೀಟರ್ ದಾಟುತ್ತದೆ.

ಟೇಪು ಇಲ್ಲದೆ ಪೆಂಡಾಲಿನಲ್ಲಿ ಕೂತ ಪೋಷಕರೂ ಒಂದು ನೋಟದಲ್ಲಿ ಪರೀಕ್ಷೆ ಮಾಡಬಹುದು. ಮೇಲಿನ ಅಂಗಳದಲ್ಲಿ ಆರನೇ ಲೇನಿನ 38.33 ಮೀಟರ್ ಎಂದರೆ ಕೇಂದ್ರದ ಸುತ್ತ 87 ಡಿಗ್ರಿ. ಅರ್ಧವೃತ್ತದ ಅರ್ಧ 90. ಅಂದರೆ 200 ಮೀಟರ್ ಓಟಕ್ಕೆ ಆರನೆಯವನು ನಿಲ್ಲಬೇಕಾದದ್ದು ಹೆಚ್ಚುಕಡಿಮೆ ತಿರುವಿನ ನೆತ್ತಿಯಲ್ಲಿ, ಅಂಗಳದ ಉದ್ದಕ್ಕೆ ನಟ್ಟನಡುವೆ ಗೆರೆ ಎಳೆದರೆ ಅದು ತಿರುವನ್ನು ಮುಟ್ಟುವ ಕಡೆ. ಅವನು ಅದರ ಅರ್ಧ ದಾರಿಯಲ್ಲೇ ನಿಂತಿದ್ದರೆ ಯಾರೋ 400 ಮೀಟರ್ ಅಂಗಳದ ಕೋಷ್ಟಕದಿಂದ ನಕಲು ಮಾಡಿದ್ದಾರೆ. ಹೀಟ್ ಮೇಲೆ ಹೀಟ್ ಹೊರಗಿನ ಲೇನಿನವರೇ ಕೊನೆಗೆ ಬರುತ್ತಿದ್ದರೂ ಅದೇ ಸುಳಿವು. ಆಗ ಮಕ್ಕಳನ್ನು ಬೈಯುವ ಮುಂಚೆ ಮೇಷ್ಟ್ರನ್ನು ಕರೆದು, ಈ ಓಟದಲ್ಲಿ ತಿರುವು ಎಷ್ಟು ಎಂದು ಕೇಳಬೇಕು.